ಕಂತು ಅದೇ, ಕೊನೆ ಮಾತ್ರ ದೂರ

ಗೃಹಸಾಲ ಇರುವ ಮನೆಗಳಲ್ಲಿ ಪ್ರತಿ ತಿಂಗಳೂ ಒಂದು ಎಸ್‌ಎಂಎಸ್ ಬರುತ್ತದೆ: ಖಾತೆಯಿಂದ ಇಷ್ಟು ರೂಪಾಯಿ ಕಡಿತವಾಗಿದೆ. ಕಳೆದ ತಿಂಗಳು ಹೋದಷ್ಟೇ ಹಣ ಈ ತಿಂಗಳೂ ಹೋಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 2022ರ ಮೇ ತಿಂಗಳಿಂದ ಮುಂದಿನ ವರ್ಷದ ಫೆಬ್ರುವರಿಯವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ ಶೇ 6.50ಕ್ಕೆ ಏರಿಸಿದಾಗಲೂ ಎಷ್ಟೋ ಸಾಲಗಾರರ ಮೊಬೈಲಿಗೆ ಬಂದ ಮೊತ್ತ ಹಳೆಯದೇ ಆಗಿತ್ತು. ಟಿ.ವಿ.ಯಲ್ಲಿ ಬಡ್ಡಿ ಏರಿತು ಎನ್ನುತ್ತಿದ್ದಾರೆ, ನಮಗೇನೂ ಆಗಲಿಲ್ಲವಲ್ಲ ಎಂದು ಅವರು ನೆಮ್ಮದಿಯಿಂದಿದ್ದರು. ಆಗಿದ್ದೇನೆಂದು ತಿಳಿಯಬೇಕಿದ್ದರೆ ಸಾಲದ ಸ್ಟೇಟ್‌ಮೆಂಟಿನಲ್ಲಿ ಬೇರೊಂದು ಸಾಲನ್ನು ನೋಡಬೇಕಿತ್ತು: ಇನ್ನು ಎಷ್ಟು ಕಂತು ಬಾಕಿ?

ಫ್ಲೋಟಿಂಗ್ ದರದ ಸಾಲದಲ್ಲಿ ಬಡ್ಡಿ ಒಂದು ಮಾನದಂಡಕ್ಕೆ ಗಂಟು ಹಾಕಿಕೊಂಡಿರುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ಹೊರಗಿನ ಮಾನದಂಡಕ್ಕೇ ಜೋಡಿಸಬೇಕೆಂಬ ನಿಯಮವಿದೆ. ಹೆಚ್ಚಿನ ಬ್ಯಾಂಕುಗಳು ಆರಿಸಿಕೊಂಡಿದ್ದು ರೆಪೊ ದರವನ್ನು. ಅದರ ಮೇಲೆ ಬ್ಯಾಂಕು ತನ್ನ ಪಾಲನ್ನು ಸೇರಿಸುತ್ತದೆ. ರೆಪೊ ಶೇ 4 ಇದ್ದು ಬ್ಯಾಂಕಿನ ಪಾಲು ಶೇ 2.75 ಆದರೆ ನಿಮ್ಮ ದರ ಶೇ 6.75. ಮೂರು ತಿಂಗಳಿಗೊಮ್ಮೆಯಾದರೂ ಇದನ್ನು ಹೊಸದಾಗಿ ಹೊಂದಿಸಬೇಕು. ಹಾಗಾಗಿ ಮುಂಬೈಯಲ್ಲಿ ರೆಪೊ ಏರಿದ ಸುದ್ದಿ ನಿಮ್ಮ ಸಾಲದ ಖಾತೆಗೆ ತಲುಪಲು ಬಹಳ ದಿನ ಬೇಕಾಗುವುದಿಲ್ಲ.

ದರ ಏರಿದಾಗ ಎರಡರಲ್ಲಿ ಒಂದು ಬದಲಾಗಲೇಬೇಕು. ಅವಧಿ ಹಾಗೇ ಉಳಿಯಬೇಕಾದರೆ ಕಂತು ಹೆಚ್ಚಬೇಕು, ಕಂತು ಹಾಗೇ ಉಳಿಯಬೇಕಾದರೆ ಅವಧಿ ಹಿಗ್ಗಬೇಕು. ನೋಡಲು ಇದು ಸಮನಾದ ಅದಲುಬದಲಿನಂತೆ ಕಾಣುತ್ತದೆ. ಆದರೆ ಲೆಕ್ಕ ಹಾಕಿದಾಗ ಸಮ ಬರುವುದಿಲ್ಲ.

ಮೈಸೂರಿನ ಹೈಸ್ಕೂಲ್ ಮೇಷ್ಟ್ರೊಬ್ಬರು 2022ರ ಏಪ್ರಿಲ್‌ನಲ್ಲಿ 30 ಲಕ್ಷ ರೂಪಾಯಿ ಸಾಲ ಮಾಡಿ ಮನೆ ಕಟ್ಟಿಸಿದರು ಎಂದಿಟ್ಟುಕೊಳ್ಳಿ. ದರ ಶೇ 6.75, ಅವಧಿ 20 ವರ್ಷ, ಅಂದರೆ 240 ಕಂತು. ತಿಂಗಳ ಕಂತು 22,811 ರೂಪಾಯಿ. ಈ ಕಂತಿನೊಳಗೆ ಏನಿದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು. 30 ಲಕ್ಷಕ್ಕೆ ಶೇ 6.75ರಂತೆ ಒಂದು ವರ್ಷದ ಬಡ್ಡಿಯನ್ನು ಹನ್ನೆರಡರಿಂದ ಭಾಗಿಸಿದರೆ ಮೊದಲ ತಿಂಗಳ ಬಡ್ಡಿ 16,875 ರೂಪಾಯಿ. ಉಳಿದ 5,936 ರೂಪಾಯಿ ಮಾತ್ರ ಅಸಲಿಗೆ ಜಮಾ. ಸಾಲವನ್ನು ನಿಜವಾಗಿ ತೀರಿಸುವುದು ಈ ಸಣ್ಣ ಮೊತ್ತವೇ. ಬಡ್ಡಿ ಎಂದೂ ಕಾಯುವುದಿಲ್ಲ, ಅದು ಮೊದಲು ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಮಿಕ್ಕಿದ್ದು ಅಸಲಿಗೆ.

ಈಗ ದರ ಶೇ 7.75 ಆಯಿತೆನ್ನಿ. ಲೆಕ್ಕ ಸುಲಭವಾಗಲೆಂದು ಅಸಲು ಇನ್ನೂ 30 ಲಕ್ಷವೇ ಇದೆ ಎಂದುಕೊಳ್ಳೋಣ. ಮೊದಲ ಒಂದೆರಡು ವರ್ಷಗಳಲ್ಲಿ ಅದು ಇಳಿಯುವುದೂ ಅಷ್ಟಕ್ಕಷ್ಟೇ. ತಿಂಗಳ ಬಡ್ಡಿ 19,375 ರೂಪಾಯಿಗೆ ಏರುತ್ತದೆ. ಕಂತು ಅದೇ 22,811 ಆಗಿದ್ದರೆ ಅಸಲಿಗೆ ಸಿಗುವುದು 3,436. ದರ ಏರಿದ್ದು ಒಂದೇ ಅಂಶ, ಆದರೆ ಸಾಲ ಕರಗಿಸುವ ಹಣ ಐದರಲ್ಲಿ ಎರಡು ಪಾಲಿನಷ್ಟು ಮಾಯ. ಅವಧಿ 240 ತಿಂಗಳಿಂದ 294ಕ್ಕೆ ಹೋಗುತ್ತದೆ. ನಾಲ್ಕೂವರೆ ವರ್ಷ ಹೆಚ್ಚು!

ಅವಧಿಯನ್ನು ಮುಟ್ಟದೆ ಕಂತನ್ನೇ ಏರಿಸಿದ್ದರೆ? ಹೊಸ ಕಂತು 24,628 ರೂಪಾಯಿ. ತಿಂಗಳಿಗೆ 1,817 ಹೆಚ್ಚು. ಎರಡನ್ನೂ ಕೊನೆಯವರೆಗೆ ಕೂಡಿಸಿದರೆ, ಕಂತು ಏರಿಸಿಕೊಂಡವರು ಕಟ್ಟುವ ಒಟ್ಟು ಬಡ್ಡಿ ಸುಮಾರು 29 ಲಕ್ಷ, ಅವಧಿ ಹಿಗ್ಗಿಸಿಕೊಂಡವರದು ಸುಮಾರು 37 ಲಕ್ಷ. ಮುಂದಿನ ರೂಪಾಯಿಗೆ ಇವತ್ತಿನ ಬೆಲೆ ಇರುವುದಿಲ್ಲ, ಆದ್ದರಿಂದ ಈ ಎಂಟು ಲಕ್ಷವನ್ನು ಪೂರ್ತಿ ನಷ್ಟವೆಂದು ಬರೆದುಕೊಳ್ಳಬೇಕಿಲ್ಲ. ಆದರೂ ಮೇಷ್ಟ್ರು ನಿವೃತ್ತರಾಗುವುದು ಅರವತ್ತಕ್ಕೇ.

ಅರ್ಧ ಅಂಶಕ್ಕೊಮ್ಮೆ ನಿಂತು ನೋಡಿದರೆ ಈ ಹಿಗ್ಗುವಿಕೆಯ ಗುಣ ಗೊತ್ತಾಗುತ್ತದೆ. ದರ ಶೇ 7.25 ಆದಾಗ ಹೆಚ್ಚುವರಿ ಕಂತು 23. ಶೇ 7.75ಕ್ಕೆ 54. ಶೇ 8.25ಕ್ಕೆ 102. ಶೇ 8.75ಕ್ಕೆ ಸರಿಯಾಗಿ 200, ಅಂದರೆ ಇಪ್ಪತ್ತು ವರ್ಷದ ಸಾಲ ಮೂವತ್ತಾರೂವರೆ ವರ್ಷ ದಾಟುತ್ತದೆ. ಪ್ರತಿ ಸಲ ಏರಿದ್ದು ಅದೇ ಅರ್ಧ ಅಂಶ, ಆದರೆ ಅವಧಿಯ ಹೆಜ್ಜೆ ಮಾತ್ರ ಒಂದಕ್ಕಿಂತ ಒಂದು ದೊಡ್ಡದು. ಶೇ 8.75ರಲ್ಲಿ ತಿಂಗಳ ಬಡ್ಡಿಯೇ 21,875. ಅಸಲಿಗೆ ಹೋಗುವುದು 936 ರೂಪಾಯಿ. ತೂತು ಬಿಂದಿಗೆಯಲ್ಲಿ ಬಾವಿ ಬತ್ತಿಸಲು ಹೊರಟಂತೆ!

ಇನ್ನರ್ಧ ಅಂಶ ಸೇರಿಸಿ ಶೇ 9.25ಕ್ಕೆ ಬನ್ನಿ. 2023ರ ಫೆಬ್ರುವರಿಯ ರೆಪೊ 6.50ಕ್ಕೆ ಬ್ಯಾಂಕಿನ ಪಾಲು 2.75 ಕೂಡಿಸಿದರೆ ಬರುವ ದರವೇ ಇದು. ತಿಂಗಳ ಬಡ್ಡಿ 23,125 ರೂಪಾಯಿ. ಕಂತು 22,811. ಮೇಷ್ಟ್ರು ತಪ್ಪದೆ ಕಂತು ಕಟ್ಟುತ್ತಿದ್ದರೂ ತಿಂಗಳಿಗೆ 314 ರೂಪಾಯಿ ಬಡ್ಡಿ ಬಾಕಿ ಉಳಿದು ಸಾಲಕ್ಕೇ ಸೇರುತ್ತದೆ. ಇಲ್ಲಿ ಅವಧಿ ಎಷ್ಟು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಆ ಕಂತಿಗೆ ಸಾಲ ಎಂದೂ ತೀರುವುದಿಲ್ಲ.

ಹೀಗಾಗದಂತೆ ತಡೆಯುವ ಬೇಲಿ ಎರಡಿವೆ. ಗೃಹಸಾಲದ ಅವಧಿಗೆ ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ ಮಿತಿ ಇಟ್ಟುಕೊಂಡಿರುತ್ತವೆ, ಸಾಲಗಾರರ ವಯಸ್ಸಿನ ಮಿತಿ ಬೇರೆ. ಅವಧಿ ಅಲ್ಲಿಗೆ ಮುಟ್ಟಿದ ಮೇಲೆ ಕಂತು ಏರಲೇಬೇಕು. ಅದುವರೆಗೆ ಸುಮ್ಮನಿದ್ದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ದೊಡ್ಡ ಕಂತಿನ ಸುದ್ದಿ ಬರುವುದು ಈ ಕಾರಣಕ್ಕೆ. ಎರಡನೆಯದು ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ. ಸಾಲಗಾರರಿಗೆ ಸರಿಯಾಗಿ ತಿಳಿಸದೆ, ಒಪ್ಪಿಗೆ ಪಡೆಯದೆ ಅವಧಿ ಹಿಗ್ಗಿಸುತ್ತಾರೆ ಅಥವಾ ಕಂತು ಏರಿಸುತ್ತಾರೆ ಎಂಬ ದೂರುಗಳು ಬಂದ ಮೇಲೆ ಹೊರಟದ್ದು ಅದು. ಅವಧಿ ಹಿಗ್ಗಿಸಿದ್ದರಿಂದ ಸಾಲ ಬೆಳೆಯುವ ಸ್ಥಿತಿ ಬರಕೂಡದು ಎಂದು ಅದು ಹೇಳುತ್ತದೆ. ಕಂತು ಏರಿಸಿಕೊಳ್ಳುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ, ಸಾಲದ ಒಂದು ಭಾಗವನ್ನು ಅಥವಾ ಪೂರ್ತಿಯನ್ನು ಮೊದಲೇ ತೀರಿಸುವುದೋ ಎಂಬ ಆಯ್ಕೆ ಸಾಲಗಾರರಿಗೆ ಇರಬೇಕು. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಇದುವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ ಇಷ್ಟೂ ಇರಬೇಕು.

ಸ್ಟೇಟ್‌ಮೆಂಟ್ ಕೈಗೆ ಬಂದಾಗ ಮಾಡಬೇಕಾದ ಲೆಕ್ಕ ಒಂದೇ. ಬಾಕಿ ಅಸಲನ್ನು ದರದಿಂದ ಗುಣಿಸಿ 1200ರಿಂದ ಭಾಗಿಸಿ. ಬಂದದ್ದು ಈ ತಿಂಗಳ ಬಡ್ಡಿ. ಅದನ್ನು ಕಂತಿನಿಂದ ಕಳೆದರೆ ಉಳಿಯುವುದು ಅಸಲಿಗೆ ಸೇರುವ ಹಣ. ಕಂತಿನಲ್ಲಿ ಈ ಪಾಲು ತೀರಾ ಸಣ್ಣದಾಗಿದ್ದರೆ, ಮುಂದಿನ ಕಾಲು ಅಂಶದ ಏರಿಕೆಯೂ ಅವಧಿಯನ್ನು ವರ್ಷಗಟ್ಟಲೆ ಎಳೆಯುತ್ತದೆ ಎಂದರ್ಥ.

ಸಾಲ ಹಳೆಯದಾದಷ್ಟೂ ಈ ಕಾಟ ಕಡಿಮೆ. ಇದೇ 22,811ರ ಕಂತು, ಇದೇ ಶೇ 6.75ರ ದರ, ಆದರೆ ಇನ್ನು 60 ಕಂತು ಮಾತ್ರ ಬಾಕಿ ಇರುವವರನ್ನು ತೆಗೆದುಕೊಳ್ಳಿ. ಅವರ ಬಾಕಿ ಅಸಲು ಸುಮಾರು 11.59 ಲಕ್ಷ. ಅವರ ದರವೂ ಒಂದೇ ಏಟಿಗೆ ಶೇ 9.25ಕ್ಕೆ ಜಿಗಿಯಲಿ. ತಿಂಗಳ ಬಡ್ಡಿ ಸುಮಾರು 8,930 ರೂಪಾಯಿ, ಅಸಲಿಗೆ ಇನ್ನೂ ಹದಿಮೂರು ಸಾವಿರದ ಮೇಲೆ ಹೋಗುತ್ತಲೇ ಇರುತ್ತದೆ. ಅವಧಿ ಹಿಗ್ಗುವುದು ಐದೇ ತಿಂಗಳು. ಮೇಷ್ಟ್ರ ಸಾಲವನ್ನು ಎಂದೂ ತೀರದಂತೆ ಮಾಡಿದ ಎರಡೂವರೆ ಅಂಶವೇ ಇಲ್ಲಿ ಐದು ತಿಂಗಳಿಗೆ ಮುಗಿಯಿತು. ಸಾಲದ ಕೊನೆಯ ಕಾಲದಲ್ಲಿರುವವರು ಕಂತು ಏರಿಸಿಕೊಳ್ಳದೆ ಅವಧಿ ಹಿಗ್ಗಲು ಬಿಟ್ಟರೂ ಅಂಥ ತಪ್ಪೇನಿಲ್ಲ. ಹೊಸ ಸಾಲಗಾರರು ಅವರನ್ನು ನೋಡಿ ಹಾಗೇ ಮಾಡಿದರೆ ಕಷ್ಟ.

ಕಂತು ಏರಿಸುವ ತ್ರಾಣ ಇಲ್ಲದ, ಆದರೆ ಕೈಯಲ್ಲಿ ಒಂದಿಷ್ಟು ಗಂಟು ಇರುವ ಮನೆಗಳೂ ಉಂಟು. ದರ ಶೇ 7.75ಕ್ಕೆ ಬಂದಾಗ ಮೇಷ್ಟ್ರು ಸುಮಾರು 2.21 ಲಕ್ಷ ರೂಪಾಯಿಯನ್ನು ಅಸಲಿಗೆ ಕಟ್ಟಿಬಿಟ್ಟರೆ ಹಳೆಯ 22,811ರ ಕಂತಿನಲ್ಲೇ, ಹಳೆಯ 240 ತಿಂಗಳಲ್ಲೇ ಸಾಲ ತೀರುತ್ತದೆ. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಬ್ಯಾಂಕುಗಳು ಅವಧಿಪೂರ್ವ ಪಾವತಿಯ ದಂಡ ಹಾಕುವಂತಿಲ್ಲ. ಆದರೆ ಹಣ ಕಟ್ಟುವಾಗ ಒಂದು ಮಾತು ಕೇಳಿ ಬರೆಸಿಕೊಳ್ಳಬೇಕು: ಇದರಿಂದ ಕಡಿಮೆಯಾಗುವುದು ಕಂತೋ, ಅವಧಿಯೋ? ಅವಧಿ ಇಳಿಯಲೆಂದು ಕಟ್ಟಿದ ಹಣಕ್ಕೆ ಕಂತು ಇಳಿದುಬಿಟ್ಟರೆ ಸಾಲದ ಕೊನೆ ಇದ್ದಲ್ಲೇ ಇರುತ್ತದೆ.

ದರ ಇಳಿಯುವಾಗಲೂ ಇದೇ ಲೆಕ್ಕ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. 2025ರ ಫೆಬ್ರುವರಿಯಿಂದ ರೆಪೊ ಇಳಿಯತೊಡಗಿ ಜೂನ್ ಹೊತ್ತಿಗೆ ಶೇ 5.50ಕ್ಕೆ ಬಂತು. ಶೇ 9.25ರಲ್ಲಿ ಕಂತನ್ನು 27,476ಕ್ಕೆ ಏರಿಸಿಕೊಂಡು ಎರಡು ವರ್ಷ ಕಟ್ಟಿದ ಸಾಲಗಾರರಿಗೆ ಆಗ ಬಾಕಿ ಅಸಲು ಸುಮಾರು 28.86 ಲಕ್ಷ, ಬಾಕಿ ಕಂತು 216. ದರ ಶೇ 8.25ಕ್ಕೆ ಇಳಿದ ಮೇಲೆ ಅವರು ಕಂತನ್ನು ಸುಮಾರು 25,688ಕ್ಕೆ ಇಳಿಸಿಕೊಳ್ಳಬಹುದು. ಇಲ್ಲವೇ ಅಭ್ಯಾಸವಾಗಿ ಹೋಗಿರುವ 27,476ನ್ನೇ ಮುಂದುವರಿಸಬಹುದು. ಮುಂದುವರಿಸಿದರೆ ಬಾಕಿ ಕಂತು 187ಕ್ಕೆ ಬಂದು, ಮನೆಯ ಪತ್ರ 29 ತಿಂಗಳು ಮೊದಲೇ ಕೈ ಸೇರುತ್ತದೆ.