ಹಗ್ಗದ ಎಳೆತ ಎಷ್ಟು?

ಕೈಬಿಟ್ಟ ಕಲ್ಲು ಒಂದು ಮೀಟರ್ ಕೆಳಗೆ ಬೀಳಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ಅದರ ವೇಗ ಹೇಗೆ ಏರಿತು ಎಂದು ಅಳೆಯುವುದು 18ನೇ ಶತಮಾನದ ಗಡಿಯಾರಗಳಿಂದ ಆಗುವ ಕೆಲಸವಾಗಿರಲಿಲ್ಲ. ಕೇಂಬ್ರಿಡ್ಜಿನಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಆಟ್‌ವುಡ್ ಇದಕ್ಕೊಂದು ಉಪಾಯ ಹುಡುಕಿದ. ರಾಟೆಯ ಮೇಲೆ ದಾರ ಹಾಯಿಸಿ ಅದರ ಎರಡೂ ತುದಿಗೆ ಒಂದೊಂದು ತೂಕ ಕಟ್ಟಿದರೆ, ಒಂದು ಬೀಳಬೇಕೆಂದರೆ ಇನ್ನೊಂದು ಏರಬೇಕು; ಹಾಗಾಗಿ ಬೀಳುವುದೇ ನಿಧಾನವಾಗುತ್ತದೆ. 1784ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆತ ಈ ಸಾಧನವನ್ನು ವಿವರಿಸಿದ. ಎರಡೂ ಕಡೆ ಅರ್ಧರ್ಧ ಕಿಲೋ ಕಟ್ಟಿ, ಒಂದು ಕಡೆಗೆ 10 ಗ್ರಾಂ ಮಾತ್ರ ಹೆಚ್ಚಿಗೆ ಇಟ್ಟರೆ, ಲೆಕ್ಕದ ಪ್ರಕಾರ ಅದೇ ಒಂದು ಮೀಟರ್ ಇಳಿಯಲು ಸುಮಾರು ನಾಲ್ಕೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಸಿಕ್ಕರೆ ಲೋಲಕದ ಗಡಿಯಾರದಿಂದಲೂ ಅಳೆಯಬಹುದು.

ಇಂದು ಪಿಯುಸಿಯಲ್ಲಿ ಭೌತಶಾಸ್ತ್ರ ಓದುವ ಪ್ರತಿಯೊಬ್ಬರಿಗೂ ಈ ರಾಟೆ ಎದುರಾಗುತ್ತದೆ. ಒಂದು ತುದಿಯಲ್ಲಿ 3 ಕಿಲೋ, ಇನ್ನೊಂದು ತುದಿಯಲ್ಲಿ 2 ಕಿಲೋ ಇದೆ ಎಂದುಕೊಳ್ಳೋಣ. ದಾರಕ್ಕೆ ತೂಕವಿಲ್ಲ, ಅದು ಹಿಗ್ಗುವುದಿಲ್ಲ; ರಾಟೆಯೂ ಹಗುರ, ಅದರ ಅಚ್ಚಿನಲ್ಲಿ ಘರ್ಷಣೆ ಇಲ್ಲ. ಬಿಟ್ಟಾಗ ತೂಕಗಳ ವೇಗೋತ್ಕರ್ಷ ಎಷ್ಟು? ದಾರದ ಎಳೆತ, ಅಂದರೆ ಟೆನ್ಷನ್, ಎಷ್ಟು?

3 ಕಿಲೋ ಇಳಿಯುತ್ತದೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ತೊಡಕಿರುವುದು ಎಳೆತದಲ್ಲಿ. ದಾರಕ್ಕೆ 3 ಕಿಲೋ ನೇತುಬಿದ್ದಿದೆ, ಆದ್ದರಿಂದ ಎಳೆತವೂ ಅದರ ತೂಕದಷ್ಟೇ ಎಂದು ಕೆಲವರು ಬರೆಯುತ್ತಾರೆ. ಎರಡೂ ಸೇರಿ 5 ಕಿಲೋ ಎನ್ನುವವರಿದ್ದಾರೆ, ಕಳೆದು 1 ಕಿಲೋ ಎನ್ನುವವರೂ ಇದ್ದಾರೆ. ಇಡೀ ವ್ಯವಸ್ಥೆಯನ್ನು ಒಂದೇ ಚಿತ್ರದಲ್ಲಿ ನೋಡುವುದರಿಂದ ಈ ಗೊಂದಲ ಹುಟ್ಟುತ್ತದೆ. ಫ್ರೀ ಬಾಡಿ ಡಯಾಗ್ರಮ್ ಬರೆಯುವುದು ಅದನ್ನು ಬಿಡಿಸಲಿಕ್ಕಾಗಿಯೇ.

ಕ್ರಮ ಹೀಗಿದೆ. ಮೊದಲು ರಾಟೆಯನ್ನು ಮರೆತುಬಿಡಿ. ಹಾಳೆಯ ಮೇಲೆ 3 ಕಿಲೋ ತೂಕಕ್ಕೆ ಒಂದು ಚುಕ್ಕಿ ಇಡಿ. ಅದನ್ನು ಯಾರು ಯಾರು ಎಳೆಯುತ್ತಿದ್ದಾರೆ ಎಂದು ಕೇಳಿ. ಭೂಮಿ ಕೆಳಕ್ಕೆ ಎಳೆಯುತ್ತದೆ: 3 × 9.8, ಅಂದರೆ 29.4 ನ್ಯೂಟನ್. ದಾರ ಮೇಲಕ್ಕೆ ಎಳೆಯುತ್ತದೆ: ಎಷ್ಟೆಂದು ಗೊತ್ತಿಲ್ಲ, T ಎಂದು ಬರೆಯಿರಿ. ಅಲ್ಲಿಗೆ ಮುಗಿಯಿತು. ಆಚೆ ಕಡೆಯ 2 ಕಿಲೋ ಇದನ್ನು ನೇರವಾಗಿ ಮುಟ್ಟುತ್ತಿಲ್ಲ, ಆದ್ದರಿಂದ ಅದಕ್ಕೆ ಈ ಚಿತ್ರದಲ್ಲಿ ಜಾಗವಿಲ್ಲ. ಅದರ ಪ್ರಭಾವವೆಲ್ಲ T ಎಂಬ ಒಂದು ಬಾಣದೊಳಗೇ ಅಡಗಿದೆ. ಹಾಗೆಯೇ ‘ma’ ಎಂದು ಇನ್ನೊಂದು ಬಾಣ ಹಾಕಬೇಡಿ. ಅದನ್ನು ಎಳೆಯುವವರು ಯಾರೂ ಇಲ್ಲ. ಬಲಗಳೆಲ್ಲ ಸೇರಿ ಉಂಟುಮಾಡುವ ಪರಿಣಾಮ ಅದು. ಉತ್ತರ ಪತ್ರಿಕೆಗಳು ಹೆಚ್ಚಾಗಿ ಕೆಡುವುದು ಈ ಹೆಚ್ಚುವರಿ ಬಾಣದಿಂದಲೇ.

ಈಗ ಪಕ್ಕದಲ್ಲಿ 2 ಕಿಲೋಗೆ ಇನ್ನೊಂದು ಚುಕ್ಕಿ. ಕೆಳಕ್ಕೆ 19.6 ನ್ಯೂಟನ್, ಮೇಲಕ್ಕೆ ಮತ್ತೆ T. ಎರಡೂ ಕಡೆ ಒಂದೇ ಅಕ್ಷರ ಬರೆಯಲು ಕಾರಣವಿದೆ: ದಾರಕ್ಕೂ ರಾಟೆಗೂ ತೂಕವಿಲ್ಲ, ಘರ್ಷಣೆಯೂ ಇಲ್ಲ ಎಂದು ಒಪ್ಪಿಕೊಂಡಿದ್ದೇವಲ್ಲ, ಹಾಗಾಗಿ ರಾಟೆ ದಾರದ ದಿಕ್ಕನ್ನು ತಿರುಗಿಸುತ್ತದೆಯೇ ಹೊರತು ಎಳೆತವನ್ನು ಬದಲಿಸುವುದಿಲ್ಲ. ದಾರ ಹಿಗ್ಗದ ಕಾರಣ ಒಂದು ಎಷ್ಟು ಇಳಿಯುತ್ತದೋ ಇನ್ನೊಂದು ಅಷ್ಟೇ ಏರುತ್ತದೆ. ಆದ್ದರಿಂದ a ಕೂಡ ಎರಡಕ್ಕೂ ಒಂದೇ.

ಪ್ರತಿ ತೂಕಕ್ಕೂ ಅದು ಚಲಿಸುವ ದಿಕ್ಕನ್ನೇ ಧನವೆಂದು ಹಿಡಿದು ನ್ಯೂಟನ್ನನ ಎರಡನೇ ನಿಯಮ ಬರೆಯೋಣ.

29.4 − T = 3a
T − 19.6 = 2a

ಎರಡನ್ನೂ ಕೂಡಿದರೆ T ಹೊರಟುಹೋಗುತ್ತದೆ: 9.8 = 5a. ಅಂದರೆ a = 1.96 ಮೀ/ಸೆ², ಬಿಟ್ಟ ಕಲ್ಲಿನ ವೇಗೋತ್ಕರ್ಷದ ಐದನೇ ಒಂದು ಭಾಗ. 1 ಕಿಲೋದ ವ್ಯತ್ಯಾಸ ಎಳೆಯುತ್ತಿದೆ, ಆದರೆ ಅದು 5 ಕಿಲೋವನ್ನೂ ಕದಲಿಸಬೇಕು. ಇದನ್ನು ಎರಡನೇ ಸಮೀಕರಣಕ್ಕೆ ಹಾಕಿದರೆ T = 19.6 + 3.92 = 23.52 ನ್ಯೂಟನ್. ಮೊದಲನೆಯದರಲ್ಲಿಯೂ ಹಾಕಿ ನೋಡಿ: 29.4 − 5.88, ಅದೇ 23.52. ಎರಡೂ ಕಡೆಯಿಂದ ಒಂದೇ ಉತ್ತರ ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ.

ಎಳೆತ ಎರಡೂ ತೂಕಗಳ ನಡುವೆ ಬಂದು ನಿಂತಿರುವುದನ್ನು ಗಮನಿಸಿ. ಅದು ಹಾಗೆ ಬರಲೇಬೇಕು. 29.4ಕ್ಕಿಂತ ಕಡಿಮೆ ಇದ್ದರೆ ಮಾತ್ರ 3 ಕಿಲೋ ಕೆಳಕ್ಕೆ ವೇಗ ಪಡೆಯುತ್ತದೆ, 19.6ಕ್ಕಿಂತ ಹೆಚ್ಚಿದ್ದರೆ ಮಾತ್ರ 2 ಕಿಲೋ ಮೇಲೆ ಹೋಗುತ್ತದೆ. ಲೆಕ್ಕ ಮಾಡುವ ಮೊದಲೇ ಇಷ್ಟನ್ನು ಹೇಳಬಹುದು. ಉತ್ತರ ಈ ಎರಡು ಸಂಖ್ಯೆಗಳ ಹೊರಗೆ ಬಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ, ಅದು ತಪ್ಪು.

ದಾರದ ಎಳೆತವನ್ನು ಕಣ್ಣಾರೆ ನೋಡಬೇಕೆಂದರೆ ರಾಟೆಯನ್ನೇ ಒಂದು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಬಹುದು. ರಾಟೆಗೂ ಒಂದು ಚಿತ್ರ ಬರೆದರೆ, ಅದನ್ನು ದಾರದ ಎರಡು ಎಳೆಗಳೂ ಕೆಳಕ್ಕೆ ಎಳೆಯುತ್ತಿವೆ, ತಕ್ಕಡಿ ಮೇಲಕ್ಕೆ ಹಿಡಿದಿದೆ. ಅಂದರೆ ತಕ್ಕಡಿ ತೋರಿಸುವುದು 2T. ಮೊದಲು 3 ಕಿಲೋ ತೂಕವನ್ನು ಅಂಗೈಯಿಂದ ತಡೆದು ನಿಲ್ಲಿಸಿ. ಈಗ ದಾರದಲ್ಲಿರುವುದು 2 ಕಿಲೋದ ತೂಕ ಮಾತ್ರ, ತಕ್ಕಡಿಯಲ್ಲಿ 4 ಕಿಲೋ. ಕೈ ತೆಗೆದರೆ ಮುಳ್ಳು 4.8ಕ್ಕೆ ಏರುತ್ತದೆ. ಬದಲಿಗೆ 2 ಕಿಲೋ ತೂಕವನ್ನು ಕೆಳಗೆ ಹಿಡಿದಿಟ್ಟುಕೊಂಡರೆ ದಾರ 3 ಕಿಲೋವನ್ನು ಪೂರ್ತಿ ಹೊರಬೇಕು, ತಕ್ಕಡಿ 6 ತೋರಿಸುತ್ತದೆ; ಬಿಟ್ಟಾಗ ಅದೇ 4.8ಕ್ಕೆ ಇಳಿಯುತ್ತದೆ. ತೂಗಾಡುತ್ತಿರುವುದು 5 ಕಿಲೋ, ತಕ್ಕಡಿಯಲ್ಲಿ 4.8. ಉಳಿದ 0.2 ಎಲ್ಲೂ ಕಳೆದುಹೋಗಿಲ್ಲ. ಹೆಚ್ಚು ತೂಕದ್ದು ಇಳಿಯುತ್ತಿರುವಾಗ ಎರಡೂ ಸೇರಿದ ಗುರುತ್ವ ಕೇಂದ್ರ ಕೆಳಕ್ಕೆ ವೇಗ ಪಡೆಯುತ್ತಿರುತ್ತದೆ, ಹಾಗಾಗಿ ತಕ್ಕಡಿ ಇಡೀ ತೂಕವನ್ನು ಹೊರಬೇಕಾಗಿಲ್ಲ. ಚಲನೆ ಒಂದೇ ಸೆಕೆಂಡಿನಲ್ಲಿ ಮುಗಿಯುವುದರಿಂದ ಮುಳ್ಳು ಅಲುಗಾಡುವುದು ನಿಜ. ತೂಕಗಳ ವ್ಯತ್ಯಾಸ ಸಣ್ಣದಿದ್ದಷ್ಟೂ ಓದಲು ಸಮಯ ಸಿಗುತ್ತದೆ, ಆದರೆ ಆಗ ಕಾಣಬೇಕಾದ ಬದಲಾವಣೆಯೂ ಸಣ್ಣದಾಗಿರುತ್ತದೆ.

ಪ್ರಯೋಗಾಲಯದಲ್ಲಿ ವೇಗೋತ್ಕರ್ಷ ಅಳೆದರೆ 1.96 ಬರುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಬರುತ್ತದೆ. ನಿಜವಾದ ರಾಟೆಗೆ ದ್ರವ್ಯರಾಶಿ ಇದೆ, ಅದನ್ನೂ ತಿರುಗಿಸಬೇಕು. 1 ಕಿಲೋದ ಗಟ್ಟಿ ಬಿಲ್ಲೆಯಂಥ ರಾಟೆಯಾದರೆ ಲೆಕ್ಕಕ್ಕೆ ಅರ್ಧ ಕಿಲೋ ಹೆಚ್ಚಿಗೆ ಸೇರಿದ ಹಾಗೆ: 9.8 ನ್ಯೂಟನ್ 5.5 ಕಿಲೋವನ್ನು ಎಳೆಯಬೇಕು, a ಸುಮಾರು 1.78ಕ್ಕೆ ಇಳಿಯುತ್ತದೆ. ಆಗ ಎರಡೂ ಕಡೆಯ ಎಳೆತ ಸಮನಾಗಿರಲು ಸಾಧ್ಯವಿಲ್ಲ. ಸಮನಾಗಿದ್ದರೆ ರಾಟೆಯನ್ನು ತಿರುಗಿಸುವವರು ಯಾರು? 3 ಕಿಲೋ ಕಡೆ 24.05, 2 ಕಿಲೋ ಕಡೆ 23.16 ನ್ಯೂಟನ್. ಇಂಥ ಕಡೆ T1, T2 ಎಂದು ಬೇರೆ ಬೇರೆ ಅಕ್ಷರ ಬರೆದು ರಾಟೆಗೆ ಮೂರನೆಯ ಸಮೀಕರಣ ಬರೆಯಬೇಕಾಗುತ್ತದೆ.

ಕೊರತೆಗೆ ಇನ್ನೊಂದು ಕಾರಣ ಅಚ್ಚಿನ ಘರ್ಷಣೆ. ಇದನ್ನು ತಗ್ಗಿಸಲೆಂದೇ ಆಟ್‌ವುಡ್ ರಾಟೆಯ ಅಚ್ಚನ್ನು ಗೂಡಿನಲ್ಲಿ ಕೂರಿಸದೆ, ತಾವೂ ತಿರುಗುವ ಬೇರೆ ಚಿಕ್ಕ ಚಕ್ರಗಳ ಅಂಚಿನ ಮೇಲೆ ಇರಿಸಿದ್ದ. 10 ಗ್ರಾಂ ವ್ಯತ್ಯಾಸದ ಪ್ರಯೋಗದಲ್ಲಿ ಎಳೆಯುವ ಬಲ 0.1 ನ್ಯೂಟನ್ನಿಗೂ ಕಡಿಮೆ. ಅಚ್ಚು ಸ್ವಲ್ಪ ಬಿಗಿಯಿದ್ದರೂ ಅದರಲ್ಲಿ ಅರ್ಧ ಅಲ್ಲಿಯೇ ಮುಗಿದುಹೋಗಬಹುದು. ಎರಡು ಕಾರಣಗಳಲ್ಲಿ ಯಾವುದು ಎಂದು ತಿಳಿಯಲು ಎರಡೂ ಕಡೆ ಸಮ ತೂಕ ಕಟ್ಟಿ, ಒಂದನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ತಳ್ಳಿ. ರಾಟೆ ಎಷ್ಟೇ ಭಾರವಿರಲಿ, ಘರ್ಷಣೆ ಇಲ್ಲದಿದ್ದರೆ ತೂಕ ಅದೇ ವೇಗದಲ್ಲಿ ಇಳಿಯುತ್ತಾ ಹೋಗುತ್ತದೆ. ನಡುವೆಯೇ ನಿಧಾನವಾಗಿ ನಿಂತರೆ ಅದು ಘರ್ಷಣೆ. ಆಗ ಇಳಿಯುವ ಕಡೆಗೆ ಒಂದೊಂದೇ ಗ್ರಾಂ ಸೇರಿಸುತ್ತ, ತಳ್ಳಿದ ತೂಕ ಸಮವೇಗದಲ್ಲಿ ಇಳಿಯುವವರೆಗೂ ಹೋಗಬೇಕು. ಹಾಗೆ ಸೇರಿಸಿದ ಗ್ರಾಂಗಳನ್ನು ಅಲ್ಲೇ ಬಿಟ್ಟು, ಅದರ ಮೇಲೆ ಇಡುವ ತೂಕವನ್ನು ಮಾತ್ರ ಎಳೆಯುವ ತೂಕವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.