ಒಲೆಯಿಂದ ಇಳಿದ ಮೇಲೂ ಬೇಯುವ ಮಾಂಸ

ಕುರಿಯ ತೊಡೆಯನ್ನು ಇಡಿಯಾಗಿ ಓವನ್ನಿನಲ್ಲಿ ಸುಡಲು ಕಲಿಯುತ್ತಿದ್ದಾಗ ನಾನೊಂದು ತಪ್ಪು ಮಾಡಿದೆ. ನಡುಮಾಂಸ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಕಾದು ಹೊರಗೆ ತೆಗೆದೆ. ಆರಿಹೋಗದಿರಲಿ ಎಂದು ಫಾಯಿಲನ್ನು ಬಿಗಿಯಾಗಿ ಸುತ್ತಿಟ್ಟೆ. ಊಟಕ್ಕೆ ಕೊಯ್ಯುವಾಗ ಥರ್ಮಾಮೀಟರ್ ಚುಚ್ಚಿದರೆ 70! ಗುಲಾಬಿ ಬಣ್ಣ ಹೋಗಿ ಮಾಂಸ ಬೂದಾಗಿತ್ತು, ಅಗಿದರೆ ಒಣ ಒಣ. ಓವನ್ ಆರಿಸಿ ಇಪ್ಪತ್ತು ನಿಮಿಷವಾಗಿದ್ದರೂ ಅದು ಬೇಯುತ್ತಲೇ ಇತ್ತು.

ಗಂಜಿ ಬಸಿದ ಅನ್ನದ ಪಾತ್ರೆಯನ್ನು ಮುಚ್ಚಿಟ್ಟರೆ ಉಳಿದ ಕಾವಿನಲ್ಲೇ ಅಗುಳು ಅರಳುವುದು ನಮಗೆ ಗೊತ್ತು. ದಪ್ಪ ಮಾಂಸದ ತುಂಡಿನಲ್ಲೂ ಕಾವು ಹಾಗೆಯೇ ಉಳಿಯುತ್ತದೆ, ಆದರೆ ಎಲ್ಲೆಡೆ ಒಂದೇ ಸಮನಾಗಿ ಅಲ್ಲ. 200 ಡಿಗ್ರಿಯ ಓವನ್ನಿನಲ್ಲಿದ್ದ ತೊಡೆಯ ನಡುಭಾಗ 57 ಡಿಗ್ರಿ ಇದ್ದಾಗ, ಕೆಂಪಗೆ ಸುಟ್ಟ ಮೇಲ್ಪದರದ ಕೆಳಗಿನ ಮಾಂಸ 80 ಡಿಗ್ರಿಗೂ ಮೇಲಿರುತ್ತದೆ. ಹೊರಗೆ ತೆಗೆದ ಕೂಡಲೇ ಆ ಕಾವು ಎರಡು ಕಡೆಗೆ ಹರಿಯುತ್ತದೆ: ಒಂದಿಷ್ಟು ಗಾಳಿಗೆ, ಇನ್ನೊಂದಿಷ್ಟು ತಣ್ಣಗಿರುವ ನಡುವಿಗೆ. ಹೊರಗೂ ಒಳಗೂ ಇರುವ ಅಂತರ ಕರಗುವ ತನಕ ನಡುಭಾಗ ಬಿಸಿಯೇರುತ್ತಲೇ ಇರುತ್ತದೆ.

ಎರಡು ಕಿಲೋ ತೂಕದ ಎಳೆಗುರಿಯ ತೊಡೆಯನ್ನೇ ತೆಗೆದುಕೊಳ್ಳಿ. ಒಂದು ಗಂಟೆ ಕಳೆದ ಮೇಲೆ ಆಗಾಗ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಅದರ ಮೊನೆ ಅತಿ ದಪ್ಪವಾದ ಜಾಗದ ನಡುವೆ ಇರಬೇಕು, ಮೂಳೆಗೆ ತಾಗಬಾರದು. ತಾಗಿದರೆ ಅದು ತೋರಿಸುವುದು ಮಾಂಸದ ಬಿಸಿಯನ್ನಲ್ಲ. 57 ಮುಟ್ಟಿದಾಗ ಹೊರತೆಗೆದು ಹಲಗೆಯ ಮೇಲಿಟ್ಟು, ಫಾಯಿಲನ್ನು ಸುತ್ತದೆ, ಡೇರೆಯ ಹಾಗೆ ಸಡಿಲವಾಗಿ ಮೇಲೆ ಹೊದಿಸಿ. ಐದು ನಿಮಿಷಕ್ಕೆ 60 ಹತ್ತಿರ, ಹದಿನೈದಕ್ಕೆ 63 ಹತ್ತಿರ ಬಂದು ಅಂಕಿ ನಿಲ್ಲುತ್ತದೆ. ಆಮೇಲೆ ಮೆಲ್ಲನೆ ಇಳಿಯತೊಡಗುತ್ತದೆ. ಇಳಿಯುವುದು ಕಂಡಿತೆಂದರೆ ಚಾಕು ಎತ್ತಿಕೊಳ್ಳಬಹುದು. ನನ್ನ ಮಟ್ಟಿಗೆ ಗಡಿಯಾರಕ್ಕಿಂತ ಈ ಗುರುತೇ ನೆಚ್ಚಿಕೆಯದು.

ಆ ಆರು ಡಿಗ್ರಿ ಇಷ್ಟು ಮುಖ್ಯವೇಕೆಂದರೆ, 60 ದಾಟಿದ ಮೇಲೆ ಮಾಂಸದ ಎಳೆಗಳನ್ನು ಸುತ್ತಿರುವ ಕೊಲಾಜನ್ ಪೊರೆ ಕುಗ್ಗತೊಡಗಿ, ಒದ್ದೆ ಬಟ್ಟೆ ಹಿಂಡಿದಂತೆ ರಸವನ್ನು ಹೊರದಬ್ಬುತ್ತದೆ. 70ರ ಹೊತ್ತಿಗೆ ಬಹಳಷ್ಟು ರಸ ಹೋಗಿರುತ್ತದೆ. ಕಾದಿಡುವುದರಿಂದ ಹೊರಗಿನ ರಸ ನಡುವಿಗೆ ಮರಳುತ್ತದೆ ಎಂಬ ಮಾತು ಮಾತ್ರ ಸರಿಯಲ್ಲ. ಕಾವು ತುಸು ಇಳಿದಂತೆ ಆ ರಸ, ಅದರಲ್ಲಿ ಕರಗಿರುವ ಪ್ರೋಟೀನಿನಿಂದಾಗಿ, ಗಟ್ಟಿಯಾಗುತ್ತದೆ. ಹಾಗಾಗಿ ಕೊಯ್ದಾಗ ಹಲಗೆಯ ಮೇಲೆ ಕಡಿಮೆ ಹರಿಯುತ್ತದೆ. ಹರಿದ ಕೆಂಪು ನೀರು ರಕ್ತವೂ ಅಲ್ಲ, ಮಯೋಗ್ಲೋಬಿನ್ ಬೆರೆತ ನೀರು.

ಬಿಗಿಯಾಗಿ ಸುತ್ತಿದ ಫಾಯಿಲು ಎರಡು ರೀತಿ ಕೆಡಿಸುತ್ತದೆ. ಕಾವು ಹೊರಹೋಗಲು ದಾರಿಯಿಲ್ಲದೆ ಒಳಗೆ ಬೇಡದಷ್ಟು ಬೇಯುತ್ತದೆ, ಹಬೆಯಲ್ಲಿ ನೆನೆದು ಗರಿಗರಿ ಮೇಲ್ಪದರ ಮೆತ್ತಗಾಗುತ್ತದೆ.

ಈ ಆರು ಡಿಗ್ರಿಯ ಲೆಕ್ಕ ಎಲ್ಲ ಕಡೆಗೂ ನಡೆಯದು. 120 ಡಿಗ್ರಿಯಲ್ಲಿ ನಿಧಾನವಾಗಿ ಸುಟ್ಟ ಅದೇ ತೊಡೆಯಲ್ಲಿ ಹೊರಗೂ ಒಳಗೂ ಅಂತರ ಕಡಿಮೆ, ಹಾಗಾಗಿ ಏರುವುದು ಎರಡು ಮೂರು ಡಿಗ್ರಿ ಅಷ್ಟೇ. ಆರು ಏರೀತೆಂದು ಬೇಗ ಇಳಿಸಿದರೆ ನಡುಭಾಗ ಹಸಿ ಉಳಿಯುತ್ತದೆ. ಕೆಂಡದ ಮೇಲೆ ಸುಟ್ಟ ಬೆರಳು ದಪ್ಪದ ತುಂಡಿಗೆ ಕೂಡಿಟ್ಟ ಕಾವೇ ಕಡಿಮೆ, ಅದಕ್ಕೆ ನಾಲ್ಕೈದು ನಿಮಿಷ ಸಾಕು. ಇನ್ನು ನಮ್ಮ ಅಂಗಡಿಗಳಲ್ಲಿ ಸಿಗುವ ಬಲಿತ ಆಡಿನ ತೊಡೆಗೆ ಈ ಹದವೇ ಹೊಂದದು. ಅದು ಗಂಟೆಗಟ್ಟಲೆ ಬೆಂದು 90ರ ಆಸುಪಾಸಿಗೆ ಬಂದಾಗಲೇ ಮೆದುವಾಗುವುದು.

ಸುರಕ್ಷತೆಯ ಮಾತನ್ನೂ ಹೇಳಲೇಬೇಕು. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಕುರಿ, ಹಂದಿ, ದನದ ಮಾಂಸಕ್ಕೆ 63 ಡಿಗ್ರಿ, ಇಳಿಸಿದ ಮೇಲೆ ಕನಿಷ್ಠ 3 ನಿಮಿಷ ಬಿಡುವು ಎಂದು ಗೊತ್ತುಮಾಡಿತು. ಆ ಮೂರು ನಿಮಿಷ ರುಚಿಗಲ್ಲ, ಉಳಿದ ಕಾವಿನಲ್ಲಿ ರೋಗಾಣುಗಳು ಸಾಯುವುದಕ್ಕೆ. ಆ 63ನ್ನು ಅಳೆಯಬೇಕಾದುದೂ ಒಲೆಯಿಂದ ಇಳಿಸುವ ಮುನ್ನ. ಮನೆಯಲ್ಲಿ ಬಸುರಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಬೇಗ ಇಳಿಸುವ ಲೆಕ್ಕ ಬಿಟ್ಟು ಇದನ್ನೇ ಪಾಲಿಸಿ, ಮಾಂಸ ತುಸು ಒಣಗಿದರೂ ಚಿಂತೆಯಿಲ್ಲ. ಕೋಳಿಗೆ ಬೇಕಾದುದು 74 ಡಿಗ್ರಿ. ಇಡೀ ಕೋಳಿಯ ಹೊಟ್ಟೆ ಪೊಳ್ಳಾದ್ದರಿಂದ ಕಾವು ಅಲ್ಲಿಂದಲೂ ಹೊರಹೋಗುತ್ತದೆ. ಆದ್ದರಿಂದ ಉಳಿದ ಕಾವನ್ನು ನೆಚ್ಚಿ ಕೋಳಿಯನ್ನು ಬೇಗ ಇಳಿಸಬೇಡಿ. ಎದೆ, ತೊಡೆ ಎರಡೂ ಕಡೆ ಚುಚ್ಚಿ, ಎರಡೂ 74 ತೋರಿಸಿದ ಮೇಲೆಯೇ ಒಲೆಯಿಂದ ತೆಗೆಯಿರಿ.