ಆಕಾಶದ ನೀಲಿ ಎಲ್ಲಿಂದ ಬರುತ್ತದೆ?

ಸೂರ್ಯನ ಬೆಳಕು ಬೆಳ್ಳಗೆ ಕಂಡರೂ ಅದರಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಬೆರೆತಿವೆ. ಬೆಳಕು ಅಲೆಗಳಾಗಿ ಚಲಿಸುತ್ತದೆ. ಕೆಂಪು ಬೆಳಕಿನ ಅಲೆ ಉದ್ದ, ಸುಮಾರು 700 ನ್ಯಾನೊಮೀಟರ್. ನೀಲಿಯದು ಗಿಡ್ಡ, ಸುಮಾರು 450. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್.

ಈ ಬೆಳಕು ಭೂಮಿಗೆ ಬರುವಾಗ ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಅಣುಗಳನ್ನು ದಾಟಬೇಕು. ಅಣುಗಳು ಬೆಳಕಿನ ಅಲೆಗಿಂತ ನೂರಾರು ಪಟ್ಟು ಚಿಕ್ಕವು. ಅಲೆ ಹಾದುಹೋಗುವಾಗ ಅಣುವಿನೊಳಗಿನ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಕಂಪಿಸುತ್ತವೆ, ಸ್ವಲ್ಪ ಬೆಳಕನ್ನು ಎಲ್ಲ ದಿಕ್ಕಿಗೂ ಎರಚುತ್ತವೆ. ಇದೇ ಬೆಳಕಿನ ಚದುರುವಿಕೆ. ಅಲೆ ಗಿಡ್ಡವಾದಷ್ಟೂ ಚದುರುವಿಕೆ ಹೆಚ್ಚು; ಅಲೆಯ ಉದ್ದ ಅರ್ಧಕ್ಕಿಳಿದರೆ ಅದು 16 ಪಟ್ಟು ಏರುತ್ತದೆ. ಹೀಗಾಗಿ ಕೆಂಪಿಗಿಂತ ನೀಲಿ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಸೂರ್ಯನಿಲ್ಲದ ದಿಕ್ಕಿಗೆ ನೋಡಿದಾಗಲೂ ಕಣ್ಣಿಗೆ ಬೀಳುವುದು ಈ ಚದುರಿದ ಬೆಳಕೇ. ಗಾಳಿಯೇ ಇಲ್ಲದ ಚಂದ್ರನ ಮೇಲೆ ಹಗಲಿನಲ್ಲೂ ಆಕಾಶ ಕಪ್ಪು.

ಈ ಲೆಕ್ಕವನ್ನು 1871ರಲ್ಲಿ ಕೊಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ. ಅದಕ್ಕೂ ಮೊದಲು ಜಾನ್ ಟಿಂಡಲ್, ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳೇ ಈ ಬಣ್ಣಕ್ಕೆ ಕಾರಣ ಎಂದುಕೊಂಡಿದ್ದರು. ಧೂಳು, ಹೊಗೆ ಹೆಚ್ಚಿದ ದಿನ ಆಕಾಶ ಇನ್ನಷ್ಟು ನೀಲಿಯಾಗುವುದಿಲ್ಲ, ಬೆಳ್ಳಗೆ ಮಂಕಾಗುತ್ತದೆ. ಮಳೆ ಬಂದು ಗಾಳಿ ತೊಳೆದಂತಾದ ಮೇಲೆಯೇ ನೀಲಿ ಗಾಢ. ಗಾಳಿಯ ಅಣುಗಳಷ್ಟೇ ಆಕಾಶವನ್ನು ನೀಲಿಯಾಗಿಸಲು ಸಾಕು ಎಂದು ರ‍್ಯಾಲೆಯವರೇ 1899ರಲ್ಲಿ ತೋರಿಸಿದರು.

ಇಲ್ಲಿ ಜಾಣ ವಿದ್ಯಾರ್ಥಿ ಒಂದು ತಕರಾರು ಎತ್ತಬಹುದು: ನೇರಳೆಯ ಅಲೆ ನೀಲಿಗಿಂತಲೂ ಗಿಡ್ಡ, ಹಾಗಾದರೆ ಆಕಾಶ ನೇರಳೆ ಯಾಕಲ್ಲ? ತಕರಾರು ಸರಿಯಾದದ್ದೇ. ನೇರಳೆ ಹೆಚ್ಚು ಚದುರುವುದೂ ನಿಜ. ಆದರೆ ಸೂರ್ಯನ ಬೆಳಕಿನಲ್ಲಿ ಅದರ ಪಾಲು ನೀಲಿಗಿಂತ ಕಡಿಮೆ, ಮನುಷ್ಯನ ಕಣ್ಣಿಗೆ ಅದನ್ನು ಗ್ರಹಿಸುವ ಶಕ್ತಿಯೂ ಕಡಿಮೆ. ಬಂದ ಬಣ್ಣಗಳ ಮಿಶ್ರಣವನ್ನು ಕಣ್ಣು, ಮಿದುಳು ಸೇರಿ ತಿಳಿನೀಲಿ ಎಂದೇ ಓದುತ್ತವೆ.

ಸಂಜೆ ಸೂರ್ಯನ ಬೆಳಕು ಓರೆಯಾಗಿ, ಗಾಳಿಯಲ್ಲಿ ಬಹುದೂರ ಸಾಗಿ ಬರುತ್ತದೆ. ದಾರಿಯಲ್ಲೇ ನೀಲಿಯ ಬಹುಪಾಲು ಚದುರಿಹೋಗಿ, ನೇರವಾಗಿ ತಲುಪುವ ಬೆಳಕಿನಲ್ಲಿ ಕೆಂಪು, ಕಿತ್ತಳೆ ಉಳಿಯುತ್ತವೆ.

ಎರಡನ್ನೂ ಕತ್ತಲೆ ಕೋಣೆಯಲ್ಲಿ ನೋಡಬಹುದು. ಪಾರದರ್ಶಕ ಬಾಟಲಿಯ ತುಂಬ ನೀರು ಹಾಕಿ, ಮುಚ್ಚಳ ಬಿಗಿದು ಅಡ್ಡ ಮಲಗಿಸಿ, ತಳದ ಕಡೆಯಿಂದ ಮೊಬೈಲಿನ ಟಾರ್ಚ್ ಹಿಡಿಯಬೇಕು. ನೀರಿಗೆ ಒಂದೊಂದೇ ಹನಿ ಹಾಲು ಬೆರೆಸುತ್ತಾ ಹೋದರೆ, ಪಕ್ಕದಿಂದ ನೋಡಿದಾಗ ಟಾರ್ಚಿನ ಹತ್ತಿರದ ನೀರು ನಸುನೀಲಿ, ದೂರದ ತುದಿ ಹಳದಿಗೆ ತಿರುಗಿದಂತೆ ಕಾಣುತ್ತದೆ. ಹಾಲು ಹೆಚ್ಚಾದರೆ ಬೆಳಕು ಮತ್ತೆ ಮತ್ತೆ ಚದುರಿ ಎಲ್ಲ ಬಣ್ಣಗಳೂ ಕಲೆತು ಬರೀ ಬಿಳಿಯಾಗುತ್ತದೆ. ಆಗ ನೀರು ಚೆಲ್ಲಿ, ಮತ್ತೆ ಒಂದೇ ಹನಿಯಿಂದ ಶುರುಮಾಡಿ.